ತೆರಿಗೆ ಕಟ್ಟೋರು ಒಬ್ಬರು, ಹೊರೋರು ಇನ್ನೊಬ್ಬರು

> ತೆರಿಗೆ ಹಾಕಿದ್ದು ಅಂಗಡಿಯವನಿಗೆ. ಅವನು ಅಷ್ಟನ್ನೂ ಬೆಲೆಗೆ ಸೇರಿಸಿಬಿಟ್ಟರೆ ಆಯ್ತಲ್ಲ?

ಸೇರಿಸೋಕೆ ನೋಡ್ತಾನೆ, ಆದರೆ ಸರಕು ಉಳಿದುಬಿಡುತ್ತೆ. ಲೆಕ್ಕಕ್ಕೊಂದು ಸರಕು ಊಹಿಸಿಕೊಳ್ಳಿ: ಬೆಲೆ 40 ರೂಪಾಯಿ, ದಿನಕ್ಕೆ 60 ಮಾರಾಟ. ಬೆಲೆ ಒಂದು ರೂಪಾಯಿ ಏರಿದರೆ ಗಿರಾಕಿಗಳು ಒಂದು ಕಡಿಮೆ ಕೊಳ್ತಾರೆ. ಮಾರುವವರ ಕೈಗೆ ಬರೋದು ಒಂದು ರೂಪಾಯಿ ಇಳಿದರೆ ಅವರು ಎರಡು ಕಡಿಮೆ ತರ್ತಾರೆ.

ಈಗ ಮಾರುವವರಿಗೆ ಮಾರಿದ ಒಂದೊಂದು ಸರಕಿಗೂ 6 ರೂಪಾಯಿ ತೆರಿಗೆ. ಬೆಲೆ 46 ಮಾಡಿದರೆ ಅವರ ಕೈಗೆ ಮೊದಲಿನ 40 ಸಿಗುತ್ತೆ, ಹಾಗಾಗಿ 60 ತರ್ತಾರೆ. ಕೊಳ್ಳೋರು ಮಾತ್ರ 54ಕ್ಕೆ ನಿಲ್ತಾರೆ. ಉಳಿದ ಆರನ್ನು ಸಾಗಿಸೋಕೆ ಬೆಲೆ ಇಳಿಸಲೇಬೇಕು. 44ಕ್ಕೆ ಬಂದಾಗ ಗಿರಾಕಿ ಕೇಳೋದು 56. 38 ಕೈಗೆ ಬರೋ ಮಾರಾಟಗಾರ ತರೋದೂ 56. ಅಲ್ಲಿಗೆ ನಿಲ್ಲುತ್ತೆ. ನಿಮ್ಮ ಪಾಲು 4, ಅವನ ಪಾಲು 2. ಚಲನ್ ಪೂರ್ತಿ ಅವನ ಹೆಸರಲ್ಲೇ ಇರುತ್ತೆ, ಅದು ಬೇರೆ ಮಾತು.

ಇಲ್ಲಿ ನಿಮಗೆ ಹೆಚ್ಚು ಬಿದ್ದದ್ದು ಯಾಕೆಂದರೆ, ಬೆಲೆ ಕೆಟ್ಟರೆ ಹಿಂದೆ ಸರಿಯೋದು ನಿಮಗಿಂತ ಅವನಿಗೆ ಸುಲಭ. ಸಂಜೆ ಬುಟ್ಟಿಯಲ್ಲಿ ಉಳಿದ ಮಲ್ಲಿಗೆಗೆ ಇದೇ ತೆರಿಗೆ ಬಿದ್ದರೆ ಕಥೆ ಉಲ್ಟಾ: ನಾಳೆಗೆ ಬಾಡುವ ಹೂವನ್ನು ವಾಪಸ್ ಒಯ್ಯೋ ಹಾಗಿಲ್ಲ, ಹೆಚ್ಚುಕಮ್ಮಿ ಪೂರ್ತಿ ಹೂವಾಡಗಿತ್ತಿಯ ಮೇಲೇ.

ಅಂದಹಾಗೆ, ಅದೇ 6 ರೂಪಾಯಿಯನ್ನು ಕೊಳ್ಳುವವರೇ ಕಟ್ಟಬೇಕು ಅಂತ ಕಾನೂನು ಬದಲಿಸಿದರೆ ಅಂಗಡಿ ಬೆಲೆ 38 ಆಗುತ್ತೆ. ತೆರಿಗೆ ಸೇರಿ ನಿಮ್ಮ ಜೇಬಿಂದ ಹೋಗೋದು ಆಗಲೂ 44.