ಶ್ಯಾಡೋ ಪ್ರೈಸ್ 150, ಓಟಿ ಖರ್ಚು 520: ಓಟಿ ಮಾಡಿಸಿದರೆ ನಷ್ಟವೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಮೆಷಿನ್ ಶಾಪ್. ವಾರಕ್ಕೆ ಯಾವ ಮಾಲು ಎಷ್ಟು ಮಾಡಬೇಕೆಂದು ಎಕ್ಸೆಲ್ ಸಾಲ್ವರ್‌ನಲ್ಲಿ ಲೆಕ್ಕ ಹಾಕಿದಾಗ ನಮ್ಮ ವಿಎಂಸಿ ಮಿಲ್ಲಿಂಗ್ ಮೆಷಿನ್ನಿನ ಗಂಟೆಗೆ ಶ್ಯಾಡೋ ಪ್ರೈಸ್ 150 ರೂ. ಬಂತು. ಓಟಿ ಮಾಡಿಸಿದರೆ ಗಂಟೆಗೆ 520 ರೂ. ಬೀಳುತ್ತೆ. ಲಾಭ ಲೆಕ್ಕ ಹಾಕುವಾಗ ವಿಎಂಸಿಗೆ ಗಂಟೆಗೆ 650 ರೂ. ಮೆಷಿನ್ ಅವರ್ ರೇಟ್ ಕಳೆದಿದ್ದೇವೆ. ಆರ್ಡರ್ ಬಾಕಿ ಇದೆ, ಆದರೂ ಓಟಿ ನಷ್ಟ ಅಂತ ತಾನೇ ಅರ್ಥ?

ಉತ್ತರ:

ಅಲ್ಲ. ಶ್ಯಾಡೋ ಪ್ರೈಸ್ ಎಂದರೆ ಮೆಷಿನ್ನಿಗೆ ಇನ್ನೊಂದು ಗಂಟೆ ಸಿಕ್ಕರೆ ಒಟ್ಟು ಮೊತ್ತ ಎಷ್ಟು ಏರುತ್ತದೆ ಎಂಬ ಅಂಕಿ. ಆದರೆ ನಿಮ್ಮ 150ನ್ನು 520ರ ಪಕ್ಕ ಇಟ್ಟು ನೋಡುವುದೇ ಸರಿಯಲ್ಲ. ನೀವು ಸಾಲ್ವರ್‌ಗೆ 650 ಕಳೆದ ಅಂಕಿ ಕೊಟ್ಟಿದ್ದೀರಿ, ಅದು 650 ಕಳೆದ ಉತ್ತರವನ್ನೇ ವಾಪಸ್ ಕೊಟ್ಟಿದೆ. ನಿಮ್ಮ ಶಾಪಿನಲ್ಲಿ ಇನ್ನೊಂದು ವಿಎಂಸಿ ಗಂಟೆಯ ನಿಜವಾದ ಬೆಲೆ 150 + 650, ಅಂದರೆ 800 ರೂ. ಅದಕ್ಕೆ 520 ಕೊಟ್ಟರೆ 280 ಉಳಿಯುತ್ತದೆ. ಆದರೆ ಅದು ಕೆಲವು ಗಂಟೆಗಳ ಮಟ್ಟಿಗೆ ಮಾತ್ರ.

ನೀವು ಪೂರ್ತಿ ಅಂಕಿ ಕೊಟ್ಟಿಲ್ಲವಾದ್ದರಿಂದ 150 ಬರುವಂಥದ್ದೇ ಒಂದು ಲೆಕ್ಕ ಇಟ್ಟುಕೊಳ್ಳೋಣ. ಎರಡು ಶಿಫ್ಟ್, ಎಂಟೆಂಟು ಗಂಟೆ, ಆರು ದಿನ: ವಾರಕ್ಕೆ ವಿಎಂಸಿ 96 ಗಂಟೆ, ಲೇಥ್ 96 ಗಂಟೆ. ಮೂರು ಬಗೆಯ ಮಾಲು. ಫ್ಲಾಂಜ್ ಒಂದು ಲಾಟ್‌ಗೆ ಲೇಥ್ 2 ಗಂಟೆ, ವಿಎಂಸಿ 1 ಗಂಟೆ; ವಾಲ್ವ್ ಬಾಡಿಗೆ ಲೇಥ್ 1, ವಿಎಂಸಿ 3; ಬ್ರಾಕೆಟ್‌ಗೆ ಲೇಥ್ 1, ವಿಎಂಸಿ 2. ಮಾರಾಟದ ಬೆಲೆಯಲ್ಲಿ ಮೆಟೀರಿಯಲ್, ಇನ್ಸರ್ಟ್, ಮೆಷಿನ್ ಎಳೆಯುವ ಕರೆಂಟ್ ಮಾತ್ರ ಕಳೆದರೆ ಒಂದು ಲಾಟ್‌ಗೆ ಕ್ರಮವಾಗಿ 1800, 2400, 600 ರೂ. ಕೈಗೆ ಸಿಗುತ್ತದೆ. ಫ್ಲಾಂಜ್ ವಾರಕ್ಕೆ 30 ಲಾಟ್, ವಾಲ್ವ್ ಬಾಡಿ 26 ಲಾಟ್‌ಗಿಂತ ಹೆಚ್ಚು ಹೋಗುವುದಿಲ್ಲ. ಬ್ರಾಕೆಟ್ ಎಷ್ಟು ಮಾಡಿದರೂ ಹೋಗುತ್ತದೆ.

ವಿಎಂಸಿ ಗಂಟೆಗೆ ಫ್ಲಾಂಜ್ 1800 ತರುತ್ತದೆ, ವಾಲ್ವ್ ಬಾಡಿ 800, ಬ್ರಾಕೆಟ್ 300. ಹಾಗಾಗಿ ಸಾಲ್ವರ್ ಮೊದಲು ಫ್ಲಾಂಜ್ 30 ಲಾಟ್ ಹಾಕುತ್ತದೆ. ಉಳಿದ 66 ಗಂಟೆಯಲ್ಲಿ ವಾಲ್ವ್ ಬಾಡಿ 22 ಲಾಟ್. ಬ್ರಾಕೆಟ್ ಸೊನ್ನೆ. ಲೇಥ್ 82 ಗಂಟೆ ಓಡಿ 14 ಗಂಟೆ ಖಾಲಿ ಉಳಿಯುತ್ತದೆ. ಒಟ್ಟು 1,06,800 ರೂ. ಈಗ ವಿಎಂಸಿಗೆ ಒಂದು ಗಂಟೆ ಹೆಚ್ಚು ಸಿಕ್ಕರೆ ಏನಾಗುತ್ತದೆ? ಫ್ಲಾಂಜ್ ಈಗಾಗಲೇ ಮಿತಿ ಮುಟ್ಟಿದೆ, ಆದ್ದರಿಂದ ಆ ಗಂಟೆ ವಾಲ್ವ್ ಬಾಡಿಗೆ ಹೋಗುತ್ತದೆ. 2400ರ ಮೂರನೇ ಒಂದು ಭಾಗ, 800. ಶ್ಯಾಡೋ ಪ್ರೈಸ್ ಎಂದರೆ ಇಷ್ಟೇ: ಕೊನೆಯ ಗಂಟೆ ಯಾವ ಮಾಲಿಗೆ ಹೋಗುತ್ತದೋ ಅದರ ಗಳಿಕೆ. ಇಡೀ ಶಾಪಿನ ಸರಾಸರಿ ಗಳಿಕೆ ಅಲ್ಲ, ಫ್ಲಾಂಜ್‌ನ 1800 ಕೂಡ ಅಲ್ಲ.

ಈಗ ನಿಮ್ಮ 650 ತರೋಣ. ವಾಲ್ವ್ ಬಾಡಿಯ ಮೂರು ಗಂಟೆಗೆ 1950 ಕಳೆದರೆ ಲಾಟ್‌ಗೆ ಉಳಿಯುವುದು 450. ಮೂರರಿಂದ ಭಾಗಿಸಿ, 150. ಅದೇ ಶಾಪು, ಅದೇ ಮಾಲು, ಅದೇ 30 ಮತ್ತು 22 ಲಾಟ್‌ಗಳ ಉತ್ತರ. ಶ್ಯಾಡೋ ಪ್ರೈಸ್ ಮಾತ್ರ 800ರಿಂದ 150ಕ್ಕೆ ಇಳಿಯಿತು. ಆ 650ರೊಳಗೆ ಏನಿದೆ ನೋಡಿ: ಮೆಷಿನ್ ಸಾಲದ ಕಂತು, ಸವಕಳಿ, ಬಾಡಿಗೆ ಸೇರಿ 420, ಆಪರೇಟರ್ ಮತ್ತು ಹೆಲ್ಪರ್‌ನ ಮಾಮೂಲಿ ಕೂಲಿ 230 ಎಂದುಕೊಳ್ಳಿ. ರಾತ್ರಿ ಎರಡು ಗಂಟೆ ಹೆಚ್ಚು ಓಡಿಸಿದರೆ ಬ್ಯಾಂಕಿನ ಕಂತು ಒಂದು ರೂಪಾಯಿಯೂ ಏರುವುದಿಲ್ಲ. ಕೂಲಿಯನ್ನಂತೂ ನಿಮ್ಮ 520ರಲ್ಲಿ ಪೂರ್ತಿ ಎಣಿಸಿದ್ದೀರಿ: 48 ಗಂಟೆ ಮುಗಿಸಿದವರಿಗೆ ಇಮ್ಮಡಿ ಕೂಲಿಯ ನಿಯಮದಂತೆ ಆಪರೇಟರ್‌ಗೆ 300, ಹೆಲ್ಪರ್‌ಗೆ 160, ಕಂಪ್ರೆಸರ್ ಮತ್ತು ಲೈಟಿಗೆ 60 ಎಂದುಕೊಳ್ಳಿ. ಹಾಗಾಗಿ ನಿಮ್ಮ ಹೋಲಿಕೆಯಲ್ಲಿ ಕೂಲಿ ಎರಡು ಸಲ ಕಳೆದಿದೆ, ಕಂತು ಕಳೆಯಬಾರದ ಕಡೆ ಒಂದು ಸಲ ಕಳೆದಿದೆ.

ಮಾಮೂಲಿ ಕೂಲಿ 230 ಮಾತ್ರ ಕಳೆದು ಲೆಕ್ಕ ಮಾಡುವವರೂ ಇದ್ದಾರೆ. ಅವರಿಗೆ ಶ್ಯಾಡೋ ಪ್ರೈಸ್ 570 ಬರುತ್ತದೆ. ಅದನ್ನು ಹೋಲಿಸಬೇಕಾದ್ದು 520ರ ಜೊತೆಗಲ್ಲ, ಮಾಮೂಲಿಗಿಂತ ಹೆಚ್ಚಿಗೆ ಬೀಳುವ 290ರ ಜೊತೆ. ಆಗಲೂ ಉಳಿಯುವುದು ಅದೇ 280. ಯಾವ ದಾರಿ ಹಿಡಿದರೂ ಉತ್ತರ ಒಂದೇ ಬರಬೇಕು. ಬರದಿದ್ದರೆ ಯಾವುದೋ ಖರ್ಚು ಎರಡು ಸಲ ಬಿದ್ದಿದೆ. ನನ್ನ ಅಭಿಪ್ರಾಯ ಕೇಳಿದರೆ, ವಾರದ ಪ್ಲಾನಿಗೆ ಮೆಷಿನ್ ಅವರ್ ರೇಟ್ ಹಾಕಲೇಬಾರದು. ಅದು ಕೊಟೇಷನ್ ಹಾಕಲು ಇರುವ ಅಂಕಿ. ವಾಲ್ವ್ ಬಾಡಿ ಗಂಟೆಗೆ 800ರ ಬದಲು 600 ತರುವಂತಿದ್ದರೆ ನಿಮ್ಮ ಸಾಲ್ವರ್ ಅದನ್ನೂ ನಷ್ಟ ಎಂದು ಬಿಟ್ಟುಬಿಡುತ್ತಿತ್ತು. ಆರ್ಡರ್ ಬಾಕಿ ಇದ್ದೂ ವಿಎಂಸಿ ಖಾಲಿ ನಿಂತಿದೆ, ಶ್ಯಾಡೋ ಪ್ರೈಸ್ 0 ಎಂದು ರಿಪೋರ್ಟ್ ಬಂದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಇನ್ನು ಎಷ್ಟು ಗಂಟೆ? `Sensitivity` ರಿಪೋರ್ಟಿನಲ್ಲಿ `Shadow Price` ಪಕ್ಕದ `Allowable Increase` ನೋಡಿ. ಇಲ್ಲಿ ಅದು 12. ವಾಲ್ವ್ ಬಾಡಿ 22ರಿಂದ 26ಕ್ಕೆ ಏರಲು ನಾಲ್ಕು ಲಾಟ್, ಲಾಟ್‌ಗೆ ಮೂರು ಗಂಟೆ. ಅಲ್ಲಿಗೆ ಅದರ ಬೇಡಿಕೆ ಮುಗಿಯಿತು. ಹದಿಮೂರನೇ ಗಂಟೆ ಬ್ರಾಕೆಟ್‌ಗೆ ಹೋಗುತ್ತದೆ, ಬೆಲೆ 300ಕ್ಕೆ ಬೀಳುತ್ತದೆ. 12 ಗಂಟೆ ಓಟಿಗೆ 9600 ಬಂದು 6240 ಹೋಗಿ 3360 ಉಳಿಯುತ್ತದೆ. ಮೇಲೆ ಇನ್ನೈದು ಗಂಟೆ ಎಳೆದರೆ 1500 ಬಂದು 2600 ಹೋಗುತ್ತದೆ, ಉಳಿದದ್ದರಲ್ಲಿ 1100 ಕರಗುತ್ತದೆ. ಅನುಮಾನವಿದ್ದರೆ 96ರ ಜಾಗದಲ್ಲಿ 108 ಹಾಕಿ ಮತ್ತೊಮ್ಮೆ ಓಡಿಸಿ, ಆಮೇಲೆ 109. ಒಟ್ಟು ಮೊತ್ತ ಎಷ್ಟು ಏರುತ್ತದೆ ಎಂದು ಕಣ್ಣಾರೆ ಕಾಣುತ್ತದೆ.

ಈ ಅಂಕಣ ಕಾಣಿಸದಿದ್ದರೆ ಸಾಲ್ವರ್‌ನಲ್ಲಿ `Simplex LP` ಆರಿಸಿಲ್ಲ ಎಂದರ್ಥ. `GRG Nonlinear` ಇದ್ದರೆ `Lagrange Multiplier` ಎಂದಷ್ಟೇ ಬರುತ್ತದೆ, ಮಿತಿ ಬರುವುದಿಲ್ಲ. ಲಾಟ್‌ಗಳು ಪೂರ್ಣಾಂಕವೇ ಆಗಬೇಕೆಂದು `int` ಹಾಕಿದ್ದರೆ ಈ ರಿಪೋರ್ಟೇ ಸಿಗುವುದಿಲ್ಲ. ಅದನ್ನು ತೆಗೆದು ಓಡಿಸಿ. ಕಾಲವನ್ನು ನಿಮಿಷದಲ್ಲಿ ಕೊಟ್ಟಿದ್ದರೆ 800ರ ಬದಲು 13.33 ಬರುತ್ತದೆ, 60ರಿಂದ ಗುಣಿಸಿಕೊಳ್ಳಿ.

ಆ 12 ಗಂಟೆಯನ್ನು ಎರಡನೇ ಶಿಫ್ಟ್ ಮುಗಿದ ಮೇಲೆ ದಿನಕ್ಕೆ ಎರಡರಂತೆ ಹಾಕಿ. ಮೆಷಿನ್ ಬಿಸಿಯಾಗಿರುತ್ತದೆ, ಫಿಕ್ಸ್‌ಚರ್ ಕಟ್ಟಿರುತ್ತದೆ. ಭಾನುವಾರ ನಾಲ್ಕು ಗಂಟೆಗೆ ಕರೆಸಿದರೆ ವಾರ್ಮ್ ಅಪ್, ಸೆಟ್ಟಿಂಗ್‌ಗೆ ಅರ್ಧ ಗಂಟೆ ಹೋಗಿ 2080 ರೂ.ಗೆ ಮೂರೂವರೆ ಗಂಟೆ ಸಿಗುತ್ತದೆ, ಗಂಟೆಗೆ 594. ಮೇಲೆ ಬದಲಿ ರಜೆ ಕೊಡಬೇಕು. ಲೇಥ್‌ನವರನ್ನು ಮಾತ್ರ ನಿಲ್ಲಿಸಿಕೊಳ್ಳಬೇಡಿ: ಅದರ ಶ್ಯಾಡೋ ಪ್ರೈಸ್ 0. ಹೆಚ್ಚುವರಿ ನಾಲ್ಕು ಲಾಟ್‌ಗೆ ಬೇಕಾದ ನಾಲ್ಕು ಗಂಟೆ ಖಾಲಿ ಇರುವ 14ರಲ್ಲೇ ಸಿಗುತ್ತದೆ, ಅದನ್ನು ಹಗಲಲ್ಲೇ ತಿರುಗಿಸಿ ವಿಎಂಸಿ ಪಕ್ಕದ ಟ್ರೇಯಲ್ಲಿ ಇಡಿಸಿ. ರಾತ್ರಿ ಮಾಲಿಲ್ಲದೆ ವಿಎಂಸಿ ನಿಂತರೆ ಆ 520 ದಂಡ.

ಅದೇ ರಿಪೋರ್ಟಿನಲ್ಲಿ ಫ್ಲಾಂಜ್‌ನ 30 ಲಾಟ್ ಮಿತಿಯ ಎದುರು 1000 ಇರುತ್ತದೆ (ಮಿತಿಯನ್ನು ನೇರ ಆ ಸೆಲ್‌ಗೇ ಹಾಕಿದ್ದರೆ `Reduced Cost` ಅಂಕಣದಲ್ಲಿ). ಈಗಿನ ಪ್ಲಾನಿನಲ್ಲಿ 650 ಕಳೆದರೂ ಈ ಅಂಕಿ ಬದಲಾಗುವುದಿಲ್ಲ. ಇನ್ನೊಂದು ಲಾಟ್ ಫ್ಲಾಂಜ್ ಆರ್ಡರ್ ತಂದರೆ ವಾಲ್ವ್ ಬಾಡಿಯ ಒಂದು ಗಂಟೆ ಬಿಟ್ಟುಕೊಟ್ಟೂ ಸಾವಿರ ಉಳಿಯುತ್ತದೆ. ಓಟಿಯ ಒಂದು ಗಂಟೆಗೆ ಉಳಿಯುವ 280ರ ಮುಂದೆ ಇದು ದೊಡ್ಡದು, ಮೊದಲು ಆ ಗಿರಾಕಿಗೆ ಫೋನ್ ಮಾಡಿ.