ನಾಲ್ಕು ಪಟ್ಟು ಇದ್ದರೆ ಸಾಕಲ್ವಾ?

ಓದುಗರ ಪತ್ರ: "ನಮ್ಮ ಕಡೆಯ ಒಂದು ಗೇರುಬೀಜ ಕಂಪನಿಯ ಷೇರು ತೆಗೆದುಕೊಳ್ಳುವ ಯೋಚನೆ ಇದೆ. ಅದರ ಸಾಲ ನೋಡಿ ಸ್ವಲ್ಪ ಹೆದರಿಕೆ. ಆದರೆ ಬಡ್ಡಿ ಕವರೇಜ್ 4 ಪಟ್ಟು ಇದೆ, ಚಿಂತೆ ಬೇಡ ಎನ್ನುತ್ತಾರೆ ಬ್ರೋಕರ್. ವಾರ್ಷಿಕ ವರದಿ ಜೊತೆಗಿಟ್ಟಿದ್ದೇನೆ. 4 ಇದ್ದರೆ ಸಾಕಲ್ವಾ ಸರ್?" — ಓದುಗರೊಬ್ಬರು, ಬ್ರಹ್ಮಾವರ

ಸಂಪಾದಕರ ಉತ್ತರ: ವರದಿ ಕಳಿಸಿದ್ದು ಒಳ್ಳೆಯದಾಯಿತು. ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅಂಕಿಗಳನ್ನೂ ದುಂಡು ಮಾಡಿದ್ದೇನೆ.

ಬ್ರೋಕರ್ ಹೇಳಿದ ಲೆಕ್ಕ ತಪ್ಪಲ್ಲ. ಮಾರಾಟ 120 ಕೋಟಿ. ಖರ್ಚೆಲ್ಲ ಕಳೆದು, ಸವಕಳಿ ಮತ್ತು ಬಡ್ಡಿಗೆ ಮೊದಲು ಉಳಿದದ್ದು 12 ಕೋಟಿ. ಸವಕಳಿ 2 ಕೋಟಿ ತೆಗೆದರೆ 10 ಕೋಟಿ. ಲಾಭ ನಷ್ಟದ ಪಟ್ಟಿಯಲ್ಲಿ ಬಡ್ಡಿ ಎರಡೂವರೆ ಕೋಟಿ. ಹತ್ತನ್ನು ಎರಡೂವರೆಯಿಂದ ಭಾಗಿಸಿದರೆ 4. ಲಾಭ ಮುಕ್ಕಾಲು ಪಾಲು ಬಿದ್ದುಹೋದರೂ ಬಡ್ಡಿ ಕಟ್ಟಬಹುದು ಎಂದು ಇದರ ಅರ್ಥ.

ಆದರೆ ಬಡ್ಡಿ ಕಟ್ಟುವುದು ಲಾಭದಿಂದ ಅಲ್ಲ, ಖಾತೆಯಲ್ಲಿರುವ ದುಡ್ಡಿನಿಂದ. ಗೇರುಬೀಜದ ವ್ಯಾಪಾರದಲ್ಲಿ ಲಾಭ ಎಷ್ಟೋ ಸಲ ದುಡ್ಡಾಗಿ ಬರುವುದೇ ಇಲ್ಲ. ಗೋಣಿಚೀಲವಾಗಿ ಗೋಡೌನಿನಲ್ಲಿ ಕೂತಿರುತ್ತದೆ.

ಹಾಗಾಗಿ ವರದಿಯಲ್ಲಿ ನಗದು ಹರಿವಿನ ಪಟ್ಟಿಯ ಪುಟ ತೆಗೆಯಿರಿ. ಮೊದಲ ಭಾಗ ವ್ಯವಹಾರದಿಂದ ಬಂದ ನಗದು. ತೆರಿಗೆಗೆ ಮೊದಲಿನ ಲಾಭಕ್ಕೆ ಸವಕಳಿ, ಬಡ್ಡಿ ಮರಳಿ ಸೇರಿಸಿದಾಗ ಅಲ್ಲೂ ಅದೇ 12 ಕೋಟಿ ಸಿಗುತ್ತದೆ. ದಾಸ್ತಾನು ಜಾಸ್ತಿಯಾದದ್ದಕ್ಕೆ 7 ಕೋಟಿ ಹೋಗಿದೆ. ಗಿರಾಕಿಗಳಿಂದ ಬರಬೇಕಾದ ಬಾಕಿ 1 ಕೋಟಿ ಏರಿದೆ. ತೆರಿಗೆ 1.9 ಕೋಟಿ. ಕೊನೆಗೆ ಕೈಗೆ ಸಿಕ್ಕಿದ್ದು 2.1 ಕೋಟಿ ಮಾತ್ರ.

ಈಗ ಅದೇ ಪಟ್ಟಿಯ ಮೂರನೇ ಭಾಗಕ್ಕೆ ಹೋಗಿ. ಸಾಲದ ವ್ಯವಹಾರ ಅಲ್ಲಿರುತ್ತದೆ. ನಿಜವಾಗಿ ಕಟ್ಟಿದ ಬಡ್ಡಿ 3.1 ಕೋಟಿ. ಲಾಭ ನಷ್ಟದ ಪಟ್ಟಿಯಲ್ಲಿ ಎರಡೂವರೆ ಇತ್ತು, ಉಳಿದ 60 ಲಕ್ಷ ಎಲ್ಲಿಂದ ಬಂತು? ಹೊಸ ಘಟಕದ ಕೆಲಸ ಇನ್ನೂ ನಡೆಯುತ್ತಿದೆ. ಅದಕ್ಕೆ ತೆಗೆದ ಸಾಲದ ಬಡ್ಡಿಯನ್ನು ಕಟ್ಟಡದ ವೆಚ್ಚಕ್ಕೇ ಸೇರಿಸಿದ್ದಾರೆ. ನಿಯಮ ಇದಕ್ಕೆ ಒಪ್ಪುತ್ತದೆ, ಮೋಸವೇನಿಲ್ಲ. ಆದರೆ ಬ್ಯಾಂಕಿಗೆ ಅಷ್ಟೂ ದುಡ್ಡು ಹೋಗಿದೆ. ಘಟಕ ಶುರುವಾದ ದಿನದಿಂದ ಆ ಬಡ್ಡಿ ಲಾಭ ನಷ್ಟದ ಪಟ್ಟಿಗೇ ಬರುತ್ತದೆ. ಆಗ ಘಟಕ ಹೊಸ ಲಾಭ ತರುವ ತನಕ ನಿಮ್ಮ 4 ಪಟ್ಟು 3.2 ಆಗಿರುತ್ತದೆ.

ನಗದಿನ ಲೆಕ್ಕಕ್ಕೆ ಬಂದರೆ, ಕಟ್ಟಬೇಕಾದ್ದು 3.1, ಬಂದದ್ದು 2.1. ಒಂದು ಪಟ್ಟೂ ಇಲ್ಲ. ಅಸಲಿನ ಕಂತು 2 ಕೋಟಿ ಬೇರೆ. ಹಳೆಯ ಯಂತ್ರಗಳನ್ನು ಓಡುವ ಸ್ಥಿತಿಯಲ್ಲಿ ಇಡುವುದಕ್ಕೆ ವರ್ಷಕ್ಕೆ 1 ಕೋಟಿ ಬೇಕೇ ಬೇಕು. ಒಟ್ಟು 4 ಕೋಟಿ ಕಡಿಮೆ ಬಿತ್ತು. ಆದರೂ ಕಂತು ಒಂದು ದಿನವೂ ತಡವಾಗಿಲ್ಲ. ಹೇಗೆ? ಮೂರನೇ ಭಾಗದಲ್ಲೇ ಇನ್ನೊಂದು ಸಾಲು ಇದೆ: ಅಲ್ಪಾವಧಿ ಸಾಲದಲ್ಲಿ ಏರಿಕೆ, 4 ಕೋಟಿ. ಅದು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆ. ಸಾಲ ತೆಗೆದು ಸಾಲ ಕಟ್ಟಿದ್ದಾರೆ.

ಪತ್ರಿಕೆಗೆ ಬರುವ ಮೊದಲು ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದೆ. ಹಾಗಾಗಿ ಇದು ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದ್ದೇನೆ. ಕಂಪನಿ ಪ್ರತಿ ತಿಂಗಳು ದಾಸ್ತಾನಿನ ಪಟ್ಟಿ ಕೊಡುತ್ತದೆ. ನಾವು ಅದರ ಮೌಲ್ಯದಲ್ಲಿ ಕಾಲು ಪಾಲು ಮಾರ್ಜಿನ್ ಕಳೆದು, ಉಳಿದಷ್ಟಕ್ಕೆ ಡ್ರಾಯಿಂಗ್ ಪವರ್ ಕೊಡುತ್ತಿದ್ದೆವು. ಅಂದರೆ ದಾಸ್ತಾನು 7 ಕೋಟಿ ಏರಿದರೆ, ಮಂಜೂರಾದ ಮಿತಿಯೊಳಗೆ ಇನ್ನೂ ಐದು ಕೋಟಿಗಿಂತ ಜಾಸ್ತಿ ಸಾಲ ಎತ್ತಬಹುದು. ಬೀಜ ಮಾರಾಟವಾಗದೆ ಉಳಿದಷ್ಟೂ ಸಾಲ ಸಿಗುತ್ತದೆ! ಆ ಸಾಲದಲ್ಲೇ ಬಡ್ಡಿ ಕಟ್ಟಿದರೆ ಹೊರಗಿನಿಂದ ಎಲ್ಲವೂ ಸರಿ ಇದ್ದ ಹಾಗೆ ಕಾಣುತ್ತದೆ.

ಒಮ್ಮೆ ಬೈಕಂಪಾಡಿ ಕಡೆಯ ಒಂದು ಗೋಡೌನಿಗೆ ದಾಸ್ತಾನು ನೋಡಲು ಹೋಗಿದ್ದೆ. ಮಳೆಗಾಲ ಮುಗಿದಿತ್ತು. ಮಾಡಿನ ತನಕ ಚೀಲಗಳು. ಎಣಿಕೆ ಸರಿಯಾಗಿತ್ತು. ಜೊತೆಗಿದ್ದ ಹಿರಿಯರು ಅಡಿಯ ಸಾಲಿನಿಂದ ಒಂದು ಚೀಲ ಎಳೆಸಿ, ಹಿಡಿಯಷ್ಟು ಬೀಜ ತೆಗೆದು ಕತ್ತರಿಸಿ ತೋರಿಸಿದರು. ಅರ್ಧದಷ್ಟು ಬೀಜದ ತಿರುಳು ಕಪ್ಪಾಗಿ ಮುರುಟಿತ್ತು. 80 ಕಿಲೋ ಚೀಲದಿಂದ ಎಷ್ಟು ಪೌಂಡ್ ಒಳ್ಳೆಯ ತಿರುಳು ಸಿಗುತ್ತದೆ ಎನ್ನುವ ಔಟ್‌ಟರ್ನ್ ಮೇಲೆ ಈ ವ್ಯಾಪಾರ ನಿಂತಿದೆ. ತೇವದಲ್ಲಿ ಕೂತ ಬೀಜದ ಔಟ್‌ಟರ್ನ್ ಇಳಿಯುತ್ತಾ ಹೋಗುತ್ತದೆ. ಆದರೆ ಪಟ್ಟಿಯಲ್ಲಿ ಆ ಚೀಲಕ್ಕೆ ಕೊಂಡ ಬೆಲೆಯೇ ಇತ್ತು. ಮುಂದಿನ ವರ್ಷ ಆ ಕಂಪನಿಯ ಖಾತೆ ಕೆಟ್ಟಿತು. ಹಿಂದಿನ ವರ್ಷದ ಬಡ್ಡಿ ಕವರೇಜ್ ಮೂರರ ಮೇಲಿತ್ತು.

ನಿಮ್ಮ ಕಂಪನಿಯೂ ಹಾಗೇ ಎಂದು ನಾನು ಹೇಳುತ್ತಿಲ್ಲ. ಗೇರಿನ ಕೊಯ್ಲು ಬೇಸಿಗೆಯಲ್ಲಿ. ಪಶ್ಚಿಮ ಆಫ್ರಿಕಾದ ಬೀಜ ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಶುರು. ಲೆಕ್ಕ ಮುಗಿಯುವ ಮಾರ್ಚ್ 31ಕ್ಕೆ ಗೋಡೌನ್ ತುಂಬುತ್ತಿರುವುದು ಸಹಜ. ಆದರೆ ಹೋದ ಮಾರ್ಚಿನಲ್ಲೂ ಸೀಸನ್ನೇ ಅಲ್ವಾ? ಮಾರಾಟ 115ರಿಂದ 120 ಕೋಟಿಗೆ, ಅಂದರೆ ಶೇ 4ರಷ್ಟು ಏರಿದೆ. ದಾಸ್ತಾನು 24ರಿಂದ 31 ಕೋಟಿಗೆ, ಅಂದರೆ ಶೇ 29ರಷ್ಟು. ಇದಕ್ಕೆ ಸೀಸನ್ ಒಂದೇ ಕಾರಣ ಆಗಲಾರದು. ಈ ಸಲ ಹಡಗು ಬೇಗ ಬಂದಿರಬಹುದು, ಬೆಲೆ ಏರುತ್ತದೆಂದು ಮುಂಚೆಯೇ ಕೊಂಡಿರಬಹುದು. ತಿರುಳು ಖರ್ಚಾಗದೆಯೂ ಇರಬಹುದು.

ಒಂದೇ ವರ್ಷದ ನಗದು ನೋಡಿ ತೀರ್ಪು ಕೊಡುವುದೂ ಸರಿಯಲ್ಲ. ಹಳೆಯ ಎರಡು ವರದಿಗಳನ್ನೂ ತರಿಸಿ ಮೂರು ವರ್ಷ ಕೂಡಿಸಿದೆ. ವ್ಯವಹಾರದಿಂದ ಬಂದ ನಗದು 8.6, 7.5, 2.1, ಒಟ್ಟು 18.2 ಕೋಟಿ. ಕಟ್ಟಿದ ಬಡ್ಡಿ ಒಟ್ಟು 8.1 ಕೋಟಿ. ಅಂದರೆ ಬಡ್ಡಿಗೆ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ನಗದು ಇದೆ. ಪರವಾಗಿಲ್ಲ ಅನಿಸುತ್ತದೆ. ಈಗ ಯಂತ್ರಗಳ 3 ಕೋಟಿ ಕಳೆದು 15.2 ಇಟ್ಟುಕೊಳ್ಳಿ. ಬಡ್ಡಿಗೆ 6 ಕೋಟಿ ಅಸಲು ಸೇರಿಸಿ 14.1 ಮಾಡಿ. 1.08 ಪಟ್ಟು. ಕಂಪನಿ ಸಾಲ ತೀರಿಸುತ್ತಿದೆ, ಆದರೆ ಉಸಿರು ಬಿಡಲು ಜಾಗ ಇಲ್ಲ. ಬೀಜದ ಬೆಲೆ ಒಂದು ವರ್ಷ ಕೈಕೊಟ್ಟರೆ ಸಾಕು. ಇದಕ್ಕೆ ನಾನು ಆರಾಮ ಎನ್ನಲಾರೆ. ಕನಿಷ್ಠ ಒಂದೂವರೆ ಪಟ್ಟು ಇದ್ದರೆ ಮಾತ್ರ ನನಗೆ ಸಮಾಧಾನ.

ಅಸಲನ್ನು ಬಿಟ್ಟು ಬಡ್ಡಿಯೊಂದನ್ನೇ ನೋಡುವುದು ಬ್ಯಾಂಕಿನವರಿಗೂ ಸಾಲದು. 2020ರಲ್ಲಿ ಕೋವಿಡ್ ಕಾಲದ ಸಾಲಗಳ ಮರುಹೊಂದಾಣಿಕೆಗೆ ರಿಸರ್ವ್ ಬ್ಯಾಂಕ್ ಮಾಡಿದ ಸಮಿತಿಗೆ ನಮ್ಮ ಮಂಗಳೂರಿನವರೇ ಆದ ಕೆ.ವಿ. ಕಾಮತ್ ಅಧ್ಯಕ್ಷರು. ಅವರು ಆರಿಸಿದ ಐದು ಅನುಪಾತಗಳಲ್ಲಿ ಬಡ್ಡಿ ಕವರೇಜ್ ಇರಲಿಲ್ಲ. ಅಸಲು, ಬಡ್ಡಿ ಎರಡನ್ನೂ ಹಿಡಿಯುವ ಡಿಎಸ್‌ಸಿಆರ್ ಇತ್ತು. ಅದರ ಸರಾಸರಿ 1.2 ಇರಲೇಬೇಕು ಎಂದರು. ಅವರ ಲೆಕ್ಕದಲ್ಲಿ ದಾಸ್ತಾನಿನ ಏರಿಳಿತ ಬರುವುದಿಲ್ಲ. ಹಾಗಾಗಿ ನಮ್ಮ 1.08ನ್ನು ಅದರ ಪಕ್ಕ ನೇರವಾಗಿ ಇಡಬೇಡಿ.

ಈಗಲೇ ಕೊಳ್ಳಬೇಡಿ. ಸೆಪ್ಟೆಂಬರ್ 30ರ ಅರ್ಧವಾರ್ಷಿಕ ಲೆಕ್ಕ ನವೆಂಬರ್ ಮಧ್ಯದ ಹೊತ್ತಿಗೆ ಬರುತ್ತದೆ. ಅದರಲ್ಲಿ ಆಸ್ತಿ ಹೊಣೆಗಳ ಪಟ್ಟಿಯೂ ನಗದು ಹರಿವೂ ಇರುತ್ತವೆ. ಹೋದ ಸೆಪ್ಟೆಂಬರಿನ ಅಂಕಿಯನ್ನು ಪಕ್ಕದಲ್ಲಿಟ್ಟು ಎರಡು ಸಾಲು ನೋಡಿ, ದಾಸ್ತಾನು ಮತ್ತು ಅಲ್ಪಾವಧಿ ಸಾಲ. ಎರಡೂ ಒಟ್ಟಿಗೆ ಹಳೆಯ ಮಟ್ಟಕ್ಕೆ ಇಳಿದಿದ್ದರೆ ಬೀಜ ದುಡ್ಡಾಗಿದೆ. ಆಗ ಷೇರಿನ ಬೆಲೆ ಹಿಡಿಸಿದರೆ ಕೊಳ್ಳಿ. ಎರಡೂ ಹಾಗೇ ನಿಂತಿದ್ದರೆ, ಬಡ್ಡಿ ಕವರೇಜ್ ಆಗ 5 ಇದ್ದರೂ ಬಿಟ್ಟುಬಿಡಿ.