ಟಗಾಲೋಗ್‌ನಲ್ಲಿ ಕ್ರಿಯಾಪದವೇ ನಾಮಪದದ ಪಾತ್ರವನ್ನು ತೋರಿಸುತ್ತೆ

ಪ್ರಶ್ನೆ: ಫಿಲಿಪ್ಪೀನ್ಸ್ ದೇಶದ ಭಾಷೆಯಾದ ಟಗಾಲೋಗ್‌ನಲ್ಲಿ ಒಂದೇ ಕ್ರಿಯಾಪದ ಯಾಕೆ ರೂಪ ಬದಲಿಸುತ್ತೆ?

ವಾಕ್ಯದಲ್ಲಿ ಮುಖ್ಯವಾಗಿರೋದು ಕೆಲಸ ಮಾಡಿದವರಾ, ಆ ಕೆಲಸಕ್ಕೆ ಒಳಗಾದ ವಸ್ತುವಾ ಅಂತ ಹೇಳೋಕೆ. ಕನ್ನಡದಲ್ಲಿ ‘ಮೀನನ್ನು’ ಅಂದಾಗ ನಾಮಪದಕ್ಕೇ ಗುರುತು ಅಂಟಿಸ್ತೀವಿ, ಅಲ್ವಾ? ಟಗಾಲೋಗ್‌ನಲ್ಲಿ ನಾಮಪದದ ಮುಂಚೆ ಬರೋ ‘ಆಂಗ್’ ಅನ್ನೋ ಪುಟ್ಟ ಪದ ‘ಮಾತು ಇದರ ಬಗ್ಗೆ’ ಅಂತ ಮಾತ್ರ ಹೇಳುತ್ತೆ. ಅದರ ಪಾತ್ರವೇನು ಅನ್ನೋದು ಕ್ರಿಯಾಪದದಲ್ಲಿರುತ್ತೆ.

‘ಬಿಲಿ’ ಅಂದರೆ ಕೊಳ್ಳು. ಒಳಗೆ ‘ಉಮ್’ ಸೇರಿಸಿದರೆ ‘ಬುಮಿಲಿ’:

ಬುಮಿಲಿ ಆಂಗ್ ಬಬಾಯೆ ನಾಂಗ್ ಇಸ್ದಾ.
(ಆ ಹೆಂಗಸು ಮೀನು ಕೊಂಡಳು.)

‘ಉಮ್’ ಇರೋದರಿಂದ ‘ಆಂಗ್’ ಹಿಡಿದ ಹೆಂಗಸೇ ಕೊಂಡವಳು. ‘ಆಂಗ್’ ಬದಲು ‘ನಾಂಗ್’ ಹಿಡಿದ ಮೀನು ಯಾವುದೋ ಒಂದು. ಈಗ ‘ಇನ್’ ಸೇರಿಸಿ:

ಬಿನಿಲಿ ನಾಂಗ್ ಬಬಾಯೆ ಆಂಗ್ ಇಸ್ದಾ.
(ಆ ಮೀನನ್ನು ಹೆಂಗಸು ಕೊಂಡಳು.)

ಈಗ ‘ಆಂಗ್’ ಮೀನಿನ ಜೊತೆಗಿದೆ, ಅದು ನಮಗೆ ಗೊತ್ತಿರುವ ಮೀನು. ಇದನ್ನು ಸುಮ್ನೆ ಕರ್ಮಣಿ ಪ್ರಯೋಗ ಅನ್ನಬೇಡಿ. ಕೊಂಡವಳು ಮರೆಗೆ ಸರಿದಿಲ್ಲ, ‘ನಾಂಗ್’ ಹಿಡಿದು ಇಲ್ಲೇ ಇದ್ದಾಳೆ. ಗೊತ್ತಿರುವ ವಸ್ತುವಿನ ಬಗ್ಗೆ ಹೇಳುವಾಗ ಇದೇ ಸಹಜ ರೂಪ.

ಕಲಿಯುವವರು ಜಾಸ್ತಿ ಎಡವೋದು ಪ್ರಶ್ನೆ ಕೇಳುವಾಗ. ‘ಯಾರು ಕೊಂಡರು?’ ಅನ್ನೋಕೆ ‘ಸಿನೋ ಆಂಗ್ ಬುಮಿಲಿ?’ ಸರಿ. ಆದರೆ ‘ಹೆಂಗಸು ಏನು ಕೊಂಡಳು?’ ಅನ್ನೋಕೆ ‘ಅನೋ ಆಂಗ್ ಬಿನಿಲಿ ನಾಂಗ್ ಬಬಾಯೆ?’ ಅನ್ನಲೇಬೇಕು. ಅಲ್ಲಿ ‘ಬುಮಿಲಿ’ ಹಾಕಿದರೆ ವಾಕ್ಯ ಕೆಟ್ಟಿತು, ಯಾಕಂದ್ರೆ ಕೇಳ್ತಿರೋದು ಕೊಂಡ ವಸ್ತುವಿನ ಬಗ್ಗೆ.